ಗೋ ಆಟದಲ್ಲಿ ಮೂಲೆಯ ಗುಂಪು ಉಳಿಯುತ್ತದೋ ಸಾಯುತ್ತದೋ: ಎರಡನೇ ಸಾಲಿನ ಐದು ಕಾಯಿಗಳ ಲೆಕ್ಕ

ಗೋ ಆಡುವವರಿಗೆ ಒಂದು ಮಾತು ಗೊತ್ತಿರುತ್ತದೆ: ಮೂಲೆಯಲ್ಲಿ ಎರಡನೇ ಸಾಲಿನ ಮೇಲೆ ನಾಲ್ಕು ಕಾಯಿ ಇದ್ದರೆ ಸಾವು, ಆರು ಇದ್ದರೆ ಉಳಿವು. ಐದು ಇದ್ದರೆ? ಅದು ಯಾರ ನಡೆ ಎಂಬುದರ ಮೇಲೆ ನಿಂತಿದೆ. ಮಾತನ್ನು ಬಾಯಿಪಾಠ ಮಾಡುವುದು ಸುಲಭ. ಆದರೆ ಆ ಐದು ಕಾಯಿಗಳ ಜೀವ-ಸಾವು ಒಂದು ಬಿಂದುವಿನ ಮೇಲೆ ನಿಂತಿದೆ, ಮತ್ತು ಹೆಚ್ಚಿನವರ ಕೈ ಮೊದಲು ಹೋಗುವುದು ಬೇರೆ ಕಡೆಗೆ. ಈ ಒಂದು ಆಕಾರವನ್ನು ಕೊನೆತನಕ ಓದಲು ಬಂದರೆ ಮೂಲೆಯ ಎಷ್ಟೋ ಗುಂಪುಗಳು ತಾವಾಗಿಯೇ ಅರ್ಥವಾಗುತ್ತವೆ. ಹಾಗಾಗಿ ಇಲ್ಲಿ ಅದನ್ನೇ ನಿಧಾನವಾಗಿ ಬಿಡಿಸುತ್ತೇನೆ.

ಕಾಯಿ ಹಿಡಿಯುವ ನಿಯಮ, ಅಟಾರಿ, ಕೋ ಇಷ್ಟು ನಿಮಗೆ ಗೊತ್ತಿದೆ ಎಂದುಕೊಂಡಿದ್ದೇನೆ. ಗುಂಪು ತನ್ನ ಕಾಯಿಗಳಿಂದ ಸುತ್ತುವರಿದ ಒಳಗಿನ ಖಾಲಿ ಜಾಗವೇ ಕಣ್ಣು. ಒಂದು ಗುಂಪಿಗೆ ಎರಡು ಬೇರೆ ಬೇರೆ ಕಣ್ಣು ಇದ್ದರೆ ಎದುರಾಳಿ ಎರಡನ್ನೂ ಒಮ್ಮೆಗೇ ತುಂಬಲಾರ, ಹಾಗಾಗಿ ಗುಂಪು ಸಾಯುವುದಿಲ್ಲ. ನಮ್ಮ ಕಡೆಯ ಹುಲಿ-ಕುರಿ ಆಟದಲ್ಲಿ ಹುಲಿಗೆ ಹೆಜ್ಜೆ ಇಡಲು ಜಾಗ ಇಲ್ಲದಂತೆ ಕುರಿಗಳು ಕಟ್ಟಿಹಾಕುತ್ತವಲ್ಲ, ಇಲ್ಲಿಯೂ ಸುತ್ತುವರಿಯುವುದೇ ಕೆಲಸ. ಆದರೆ ಇಲ್ಲಿ ಕಟ್ಟಿಸಿಕೊಂಡವನೂ ಒಳಗೆ ಎರಡು ಕೋಣೆ ಮಾಡಿಕೊಂಡರೆ ಗೆದ್ದ.

ಹಲಗೆ ಜೋಡಿಸಿಕೊಳ್ಳಿ

ಓದುತ್ತಾ ಕಾಯಿ ಇಟ್ಟುಕೊಂಡರೆ ಒಳ್ಳೆಯದು. ಬಾಗಲಕೋಟೆಯ ನವನಗರದಲ್ಲಿ ನಾವು ಕೆಲವರು ರವಿವಾರ ಸೇರಿದಾಗ ಡ್ರಾಯಿಂಗ್ ಹಾಳೆಯ ಮೇಲೆ 9 ಗೆರೆ ಉದ್ದ, 9 ಗೆರೆ ಅಡ್ಡ ಎಳೆದು, ಅಂಗಿಯ ಕಪ್ಪು-ಬಿಳಿ ಗುಂಡಿಗಳನ್ನು ಕಾಯಿ ಮಾಡಿಕೊಂಡೇ ಮಕ್ಕಳಿಗೆ ಕಲಿಸುತ್ತೇವೆ. ಮೂಲೆಯ ಲೆಕ್ಕಕ್ಕೆ ಅಷ್ಟು ಸಾಕು. 9 ಗೆರೆಯ ಹಲಗೆಯ ಮೂಲೆಯೂ 19 ಗೆರೆಯ ಹಲಗೆಯ ಮೂಲೆಯೂ ಒಂದೇ ಥರ ನಡೆದುಕೊಳ್ಳುತ್ತವೆ.

ಕೆಳಗಿನ ಎಡ ಮೂಲೆಯಲ್ಲಿ ಹೀಗೆ ಇಡಿ:

```
3  ○ ○ ○ ○ ○ ○ ○
2  ● ● ● ● ● ○ ○
1  · · · · · · ·
   1 2 3 4 5 6 7
```

ಬಿಂದುವಿನ ಹೆಸರಲ್ಲಿ ಮೊದಲ ಅಂಕಿ ಎಡದಿಂದ, ಎರಡನೆಯದು ಕೆಳಗಿನಿಂದ. ಅಂದರೆ 2-1 ಎಂದರೆ ಎಡದಿಂದ ಎರಡನೇ ಗೆರೆ, ಕೆಳಗಿನ ತುದಿಯ ಸಾಲು. ಮೂಲೆಯ ತುದಿ 1-1.

ಮೊದಲ ಹೆಜ್ಜೆ: ನಿಜಕ್ಕೂ ಮುಚ್ಚಿದೆಯೇ ನೋಡಿ

ಕಣ್ಣು ಎಣಿಸುವ ಮೊದಲು ಹೊರಗೆ ಹೋಗುವ ದಾರಿ ಇದೆಯೇ ನೋಡಬೇಕು. ಸುತ್ತಲಿನ ಬಿಳಿ ಕಾಯಿಗಳಲ್ಲಿ ಕತ್ತರಿಸಬಹುದಾದ ಜಾಗ ಇದ್ದರೆ, ಅಥವಾ ಹತ್ತಿರದಲ್ಲೇ ಕಪ್ಪಿನ ಗೆಳೆಯ ಕಾಯಿ ಇದ್ದರೆ, ಇಡೀ ಲೆಕ್ಕ ಬದಲಾಗುತ್ತದೆ. ನಮ್ಮ ಚಿತ್ರದಲ್ಲಿ ಮೇಲೆ ಮೂರನೇ ಸಾಲು ಪೂರ್ತಿ ಬಿಳಿ. ಬಲಕ್ಕೆ 6-2 ಮತ್ತು 7-2 ಎರಡೂ ಬಿಳಿ. ಎಡಕ್ಕೆ ಹಲಗೆಯ ಅಂಚು, ಅಲ್ಲಿ 1-2ರಲ್ಲಿ ಕಪ್ಪೇ ಕೂತಿದೆ. ತೆರೆದಿರುವುದು ಒಂದೇ ಕಡೆ: ಕೆಳಗಿನ ಸಾಲಿನ ಬಲ ತುದಿ.

ಇದನ್ನು ಮರೆಯಬೇಡಿ. ಕಪ್ಪು 1-2ರಲ್ಲಿ ಇಲ್ಲದೆ ಸಾಲು 2-2ರಿಂದ ಶುರುವಾಗಿದ್ದರೆ ಬಿಳಿ ಎಡದಿಂದಲೂ ನುಗ್ಗಬಹುದು. ಆಗ ನಾಲ್ಕು-ಐದು-ಆರರ ಈ ಲೆಕ್ಕ ಹಾಗೇ ಅನ್ವಯಿಸುವುದಿಲ್ಲ.

ಎರಡನೇ ಹೆಜ್ಜೆ: ಒಳಗಿನ ಜಾಗದ ಆಕಾರ ಗುರುತಿಸಿ

ಬಿಂದು ಎಷ್ಟು ಎಂಬುದಕ್ಕಿಂತ ಅವು ಹೇಗೆ ಕೂತಿವೆ ಎಂಬುದು ಮುಖ್ಯ. ಪೂರ್ತಿ ಮುಚ್ಚಿದ ಜಾಗಕ್ಕೆ ಈ ನಾಲ್ಕು ವಿಷಯ ಗೊತ್ತಿದ್ದರೆ ಇಲ್ಲಿ ಸಾಕು. ಎರಡು ಬಿಂದು ಇದ್ದರೆ ಒಂದೇ ಕಣ್ಣು. ಮೂರು ಬಿಂದು ಇದ್ದರೆ, ನೇರವಾಗಿರಲಿ ಬಾಗಿರಲಿ, ನಡುವಿನ ಬಿಂದು ಯಾರಿಗೆ ಸಿಗುತ್ತದೋ ಅವರದ್ದು ಗೆಲುವು. ನಾಲ್ಕು ಬಿಂದು ನೇರ ಸಾಲಲ್ಲಿದ್ದರೆ ಗುಂಪು ಬದುಕಿದೆ: ನಡುವೆ ಎರಡು ಬಿಂದು ಇವೆ, ಬಿಳಿ ಒಂದನ್ನು ಹಿಡಿದರೆ ಕಪ್ಪು ಇನ್ನೊಂದನ್ನು ಹಿಡಿಯುತ್ತದೆ. ನಾಲ್ಕು ಬಿಂದು ಚೌಕಾಕಾರದಲ್ಲಿದ್ದರೆ, ಕಪ್ಪು ಮೊದಲು ಆಡಿದರೂ ಸತ್ತ ಹಾಗೆಯೇ.

ಈಗ ನಮ್ಮ ಗುಂಪು ನೋಡಿ. ಕೆಳಗೆ 1-1ರಿಂದ 5-1ರವರೆಗೆ ಐದು ಖಾಲಿ ಬಿಂದು. ಆದರೆ ಬಲ ತುದಿ ತೆರೆದಿದೆ, ಅಂದರೆ ಐದೂ ಕಪ್ಪಿನದ್ದಲ್ಲ. ಕಪ್ಪು 5-1ರಲ್ಲಿ ಬಾಗಿಲು ಹಾಕಿದರೆ ಒಳಗೆ ನಾಲ್ಕು ನೇರ ಬಿಂದು ಉಳಿಯುತ್ತವೆ, ಬದುಕಿದ. ಹಾಗಾದರೆ ಕಪ್ಪಿನ ನಡೆಯಾದರೆ ಉಳಿವು ಖಚಿತ. ಪ್ರಶ್ನೆ ಇರುವುದು ಬಿಳಿಯ ನಡೆಯಾದಾಗ.

ಮೂರನೇ ಹೆಜ್ಜೆ: ಹೊರಗಿಂದ ಒತ್ತಿ ನೋಡಿ

ಎದುರಾಳಿಯ ಕಣ್ಣಿನ ಜಾಗ ಕಿರಿದು ಮಾಡಲು ಹೊರಗಿಂದ ಬಗ್ಗಿ ಒಳಗೆ ಇಡುವ ನಡೆಗೆ ಹಾನೆ ಎನ್ನುತ್ತಾರೆ. ಮೊದಲು ಅದನ್ನೇ ಓದಬೇಕು, ಏಕೆಂದರೆ ಬಹಳ ಗುಂಪುಗಳು ಅದರಿಂದಲೇ ಸಾಯುತ್ತವೆ. ಇಲ್ಲಿ ಹಾನೆಯ ಜಾಗ 5-1.

ಬಿಳಿ 5-1. ಕಪ್ಪು 4-1ರಲ್ಲಿ ತಡೆಯುತ್ತದೆ. ಈಗ 5-1ರ ಬಿಳಿ ಕಾಯಿ ಅಟಾರಿಯಲ್ಲಿದೆ, ಅದನ್ನು ಉಳಿಸಲು ಬಿಳಿ 6-1ರಲ್ಲಿ ಜೋಡಿಸಿತು ಎಂದುಕೊಳ್ಳಿ. ಒಳಗೆ ಉಳಿದದ್ದು 1-1, 2-1, 3-1, ಮೂರು ನೇರ ಬಿಂದು. ಮತ್ತು ಈಗ ನಡೆ ಕಪ್ಪಿನದು! ಕಪ್ಪು ನಡುವಿನ 2-1ರಲ್ಲಿ ಕೂತರೆ 1-1 ಒಂದು ಕಣ್ಣು, 3-1 ಇನ್ನೊಂದು ಕಣ್ಣು. ಬದುಕಿತು.

ಬಿಳಿ ಜೋಡಿಸದೆ ನೇರವಾಗಿ 2-1ಕ್ಕೆ ಹೋದರೆ? ಕಪ್ಪು 6-1ರಲ್ಲಿ ಇಟ್ಟು 5-1ರ ಕಾಯಿಯನ್ನು ಎತ್ತಬಹುದು, ಆದರೆ ಬಿಳಿ 7-1ರಲ್ಲಿ ಇಟ್ಟು 6-1ನ್ನು ಅಟಾರಿಗೆ ತಳ್ಳುತ್ತದೆ, 5-1 ನಿಜವಾದ ಕಣ್ಣಾಗುವುದಿಲ್ಲ, ಗುಂಪು ಸಾಯುತ್ತದೆ. ಜೋಡಿಸಿದಾಗ ಬಿಳಿ ಉಳಿಸಿಕೊಂಡಿದ್ದು ಒಂದು ಕಾಯಿ, ಕಳೆದುಕೊಂಡಿದ್ದು ನಡೆಯ ಸರದಿ. ಸರದಿಯೇ ಇಲ್ಲಿ ಜಾಸ್ತಿ ಬೆಲೆಯದು.

ಇದನ್ನು ಹಲಗೆಯ ಮೇಲೆ ತೋರಿಸಿದಾಗ ನಮ್ಮ ಮನೆಯ ಹುಡುಗ ಕೇಳಿದ್ದು ಸರಿಯಾದ ಪ್ರಶ್ನೆ: “ಕಾಕಾ, ಹಂಗಾದ್ರ ಆ 2-1ರಾಗ ಬಿಳಿನ ಮೊದ್ಲ ಯಾಕ ಕೂಡಬಾರ್ದು?” ಕಪ್ಪು ತನ್ನ ಎರಡು ಕಣ್ಣು ಮಾಡಿಕೊಂಡದ್ದು ಯಾವ ಬಿಂದುವಿನಲ್ಲಿ ಎಂದು ನೋಡಿ, ಅದೇ ಬಿಂದುವನ್ನು ಬಿಳಿ ಮೊದಲು ಹಿಡಿದರೆ ಏನಾಗುತ್ತದೆ ಎಂದು ಕೇಳುವುದು. ಜೀವ-ಸಾವಿನ ಓದಿನಲ್ಲಿ ನನಗೆ ಇದಕ್ಕಿಂತ ಉಪಯೋಗದ ಅಭ್ಯಾಸ ಬೇರೆ ಕಂಡಿಲ್ಲ.

ನಾಲ್ಕನೇ ಹೆಜ್ಜೆ: ಒಳಗೆ ಇಟ್ಟು ನೋಡಿ

ಬಿಳಿ 2-1.

```
3  ○ ○ ○ ○ ○ ○ ○
2  ● ● ● ● ● ○ ○
1  · ○ · · · · ·
   1 2 3 4 5 6 7
```

ಈಗ ಕಪ್ಪಿನ ಉತ್ತರಗಳನ್ನು ಒಂದೊಂದಾಗಿ ನೋಡೋಣ. ಒಂದನ್ನೂ ಬಿಡಬಾರದು. “ಸತ್ತಿದೆ” ಎನ್ನಬೇಕಾದರೆ ಎಲ್ಲ ಉತ್ತರಗಳೂ ಸೋಲಬೇಕು. “ಬದುಕಿದೆ” ಎನ್ನಲು ಒಂದು ಉತ್ತರ ಸಾಕು.

ಕಪ್ಪು 3-1ರಲ್ಲಿ ಕೂತರೆ: 2-1ರ ಬಿಳಿ ಕಾಯಿ ಅಟಾರಿಯಲ್ಲಿದೆ, ಓಡಲು ಆಗುವುದಿಲ್ಲ. ಎಡಕ್ಕೆ ಕಪ್ಪಿಗೆ ಒಂದು ಕಣ್ಣು ಗಟ್ಟಿ. ಬಲಕ್ಕೆ 4-1, 5-1 ಖಾಲಿ ಇವೆ, ಅಲ್ಲಿ ಇನ್ನೊಂದು ಕಣ್ಣು ಬೇಕು. ಆದರೆ ನಡೆ ಬಿಳಿಯದು. ಈಗ ಹಾನೆ! ಬಿಳಿ 5-1. ಕಪ್ಪು 4-1ರಲ್ಲಿ ತಡೆದರೆ ತನ್ನ ಕಣ್ಣಿನ ಜಾಗವನ್ನೇ ತಾನು ತುಂಬಿದಂತೆ, ಬಿಳಿ 6-1ರಲ್ಲಿ ಜೋಡಿಸುತ್ತದೆ. ಕಪ್ಪು 6-1ರಲ್ಲಿ ಇಟ್ಟು 5-1ನ್ನು ಹಿಡಿಯಲು ನೋಡಿದರೆ ಬಿಳಿ 7-1ರಲ್ಲಿ ಇಟ್ಟು ಆ ಕಾಯಿಯನ್ನೇ ಎತ್ತುತ್ತದೆ. ಒಂದೇ ಕಣ್ಣು, ಸತ್ತಿತು. ಹಿಂದಿನ ಹೆಜ್ಜೆಯಲ್ಲಿ ಜೋಡಿಸಲು ಹೋಗಿ ಸೋತಿದ್ದ ಹಾನೆ ಈಗ ಕೊಲ್ಲುತ್ತಿದೆ, ಏಕೆಂದರೆ 2-1ರ ಕಾಯಿ ಆಗಲೇ ತನ್ನ ಕೆಲಸ ಮುಗಿಸಿದೆ.

ಕಪ್ಪು 5-1ರಲ್ಲಿ ಬಾಗಿಲು ಹಾಕಿದರೆ: ಒಳಗೆ ನಾಲ್ಕು ನೇರ ಬಿಂದು ಇದೆ, ಬದುಕಬೇಕಲ್ವಾ? ಇಲ್ಲ. ನಡುವಿನ ಎರಡರಲ್ಲಿ ಒಂದನ್ನು ಬಿಳಿ ಆಗಲೇ ಹಿಡಿದಿದೆ, ಮತ್ತು ಈಗ ಸರದಿಯೂ ಅದರದೇ. ಬಿಳಿ 3-1. ಕಪ್ಪು 4-1. ಈಗ 2-1, 3-1ರ ಎರಡು ಬಿಳಿ ಕಾಯಿಗಳಿಗೆ ಉಳಿದ ಲಿಬರ್ಟಿ, ಅಂದರೆ ತಾಗಿದ ಖಾಲಿ ಬಿಂದು, 1-1 ಮಾತ್ರ. ಕಪ್ಪು 1-1ರಲ್ಲಿ ಇಟ್ಟು ಎರಡನ್ನೂ ಎತ್ತಬಹುದು. ಎತ್ತಿದ ಮೇಲೆ ಸಿಗುವುದು ಎರಡು ಬಿಂದುವಿನ ಜಾಗ, ಒಂದೇ ಕಣ್ಣು. ಹೊಸಬರು ಇಲ್ಲಿ “ಎರಡು ಕಾಯಿ ಹಿಡಿದೆ” ಎಂದು ಖುಷಿಪಡುತ್ತಾರೆ. ಹಿಡಿದದ್ದನ್ನು ಲೆಕ್ಕಿಸಬೇಡಿ, ಹಿಡಿದ ಮೇಲೆ ಉಳಿಯುವ ಆಕಾರ ನೋಡಿ.

ಕಪ್ಪು 6-1ಕ್ಕೆ ಚಾಚಿದರೆ: ಇದು ಎಲ್ಲಕ್ಕಿಂತ ಜಾಣ ಉತ್ತರ, ಜಾಗವನ್ನು ಅಗಲ ಮಾಡುವ ಪ್ರಯತ್ನ. ಬಿಳಿ 7-1ರಲ್ಲಿ ತಡೆಯಬೇಕು, ಇದು ಅಟಾರಿ. ಕಪ್ಪು 5-1ರಲ್ಲಿ ಜೋಡಿಸಿದರೆ ಮೇಲೆ ನೋಡಿದ ಆಕಾರಕ್ಕೇ ಬಂದೆವು, ಬಿಳಿ 3-1. ಜೋಡಿಸದೆ 3-1ಕ್ಕೆ ಹೋದರೆ ಬಿಳಿ 5-1ರಲ್ಲಿ ಇಟ್ಟು 6-1ನ್ನು ಎತ್ತುತ್ತದೆ, ಬಲಗಡೆ ಕಣ್ಣು ಇಲ್ಲ.

ಕಪ್ಪು 4-1: ಬಿಳಿ 3-1. ಎಡಕ್ಕೆ ಒಂದೇ ಕಣ್ಣಿನ ಜಾಗ. ಬಲಕ್ಕೆ 5-1 ಕಣ್ಣಾಗಬೇಕಾದರೆ 6-1ರಲ್ಲಿ ಕಪ್ಪು ಕಾಯಿ ನಿಲ್ಲಬೇಕು, ಬಿಳಿ 7-1ರಿಂದ ಅದನ್ನು ಅಟಾರಿಗೆ ತಳ್ಳುತ್ತದೆ, ಕಪ್ಪು 5-1ರಲ್ಲಿ ಜೋಡಿಸಿದರೆ ಕಣ್ಣೇ ಮುಚ್ಚಿತು. ಗೋಡೆಯ ಕಾಯಿಯನ್ನು ಉಳಿಸಲು ಒಳಗೇ ತುಂಬಬೇಕಾದ ಇಂಥ ಜಾಗ ಸುಳ್ಳು ಕಣ್ಣು, ಅದನ್ನು ಎಣಿಸಬಾರದು.

ಕಪ್ಪು 1-1: ಬಿಳಿ 3-1ಕ್ಕೆ ಉದ್ದವಾಗುತ್ತದೆ, ಕಪ್ಪು 4-1ರಲ್ಲಿ ಇಟ್ಟು ಆ ಎರಡನ್ನೂ ಎತ್ತಿದರೂ ಒಂದೇ ಕಣ್ಣು.

ಎಲ್ಲ ದಾರಿ ಮುಚ್ಚಿತು. ಬಿಳಿ ಮೊದಲು ಆಡಿದರೆ 2-1ರಿಂದ ಗುಂಪು ಸಾಯುತ್ತದೆ. 5-1ರ ಹಾನೆ ಆಡಿ, ಜೋಡಿಸದೆ 2-1ಕ್ಕೆ ಹೋಗುವ ದಾರಿ ಬಿಟ್ಟರೆ ಬೇರೆ ಬಿಂದುವಿನಿಂದ ಸಾಯುವುದಿಲ್ಲ: ಬಿಳಿ 3-1ರಲ್ಲಿ ಇಟ್ಟರೆ ಕಪ್ಪು 2-1ರಲ್ಲಿ ಕೂತು ಬದುಕುತ್ತದೆ, ಬಿಳಿ 4-1ರಲ್ಲಿ ಇಟ್ಟರೆ ಕಪ್ಪು 5-1ರಲ್ಲಿ ಬಾಗಿಲು ಹಾಕಿ ಬದುಕುತ್ತದೆ. ಈ ಎರಡನ್ನೂ ನೀವೇ ಕಾಯಿ ಇಟ್ಟು ಓದಿ ನೋಡಿ.

ಕಪ್ಪಿನ ಕಡೆಯಿಂದ

ಅದೇ ಗುಂಪು, ಕಪ್ಪಿನ ನಡೆ. 5-1 ಆಯಿತು, 6-1 ಆಯಿತು, 2-1 ಕೂಡ ಆಯಿತು, ಮೂರರಲ್ಲಿ ಯಾವುದಾದರೂ ಉಳಿಸುತ್ತದೆ. ನಾನು ಸಾಮಾನ್ಯವಾಗಿ 6-1 ಆರಿಸುತ್ತೇನೆ. ಬಿಳಿ 7-1ರಲ್ಲಿ ತಡೆದಾಗ ಕಪ್ಪು 5-1ರಲ್ಲಿ ಜೋಡಿಸಬೇಕು, ಒಳಗೆ ನಾಲ್ಕು ಬಿಂದು. 5-1ರಲ್ಲಿ ಸುಮ್ನೆ ಮುಚ್ಚಿದ್ದರೆ ಮುಂದೆ 6-1 ಬಿಳಿಯದಾಗಬಹುದಿತ್ತು, ಹೊರಗೆ ಬಿಳಿಯ ಜಾಗ ಅಷ್ಟು ಹೆಚ್ಚುತ್ತಿತ್ತು.

ಸರಿ ಕಾಣುವ ತಪ್ಪು ನಡೆ 3-1. ನಟ್ಟ ನಡುವೆ ಇದೆ, ಎರಡು ಕಡೆ ಎರಡೆರಡು ಬಿಂದು ಬಿಟ್ಟಿದೆ, ನೋಡಲು ಚಂದ. ಆದರೆ ಬಿಳಿ 5-1ರಲ್ಲಿ ಹಾನೆ ಆಡಿದ ಕೂಡಲೇ ಬಲದ ಕಣ್ಣು ಹೋಯಿತು, ಎಡದ ಎರಡು ಬಿಂದು ಒಂದೇ ಕಣ್ಣು. ತೆರೆದ ಬದಿಯ ಬಿಂದುಗಳು ಪೂರ್ತಿ ನಮ್ಮವಲ್ಲ ಎಂದು ಮೊದಲೇ ಹೇಳಿದ್ದು ಇದಕ್ಕೇ.

ನಾಲ್ಕಾದರೆ, ಆರಾದರೆ

ಸಾಲಿನಲ್ಲಿ ನಾಲ್ಕೇ ಕಾಯಿ ಇದ್ದು ಕಪ್ಪೇ ಮೊದಲು ಆಡಿದರೂ, ಬಲಕ್ಕೆ ಚಾಚಿ ಜೋಡಿಸಿದ ಮೇಲೆ ಒಳಗೆ ಉಳಿಯುವುದು ಮೂರು ನೇರ ಬಿಂದು, ಆಗ ಸರದಿ ಬಿಳಿಯದು. ಬಿಳಿ 2-1, ಮುಗಿಯಿತು. ಅಂಥ ಗುಂಪಿಗೆ ಇನ್ನೊಂದು ಕಾಯಿ ಹಾಕುವುದು ನಷ್ಟ. ಅದನ್ನು ಹಾಗೇ ಬಿಟ್ಟು ಬೇರೆ ಕಡೆ ಆಡಿ.

ಆರು ಕಾಯಿ ಇದ್ದಾಗ ಬಿಳಿ 2-1ರಲ್ಲಿ ಇಟ್ಟರೆ ಕಪ್ಪು 3-1ರಲ್ಲಿ ಎಡದ ಕಣ್ಣು ಗಟ್ಟಿ ಮಾಡುತ್ತದೆ. ಬಿಳಿ 6-1ರಲ್ಲಿ ಹಾನೆ ಆಡಿದರೆ ಕಪ್ಪು 5-1ರಲ್ಲಿ ತಡೆಯುತ್ತದೆ, ನಡುವೆ 4-1 ಕಣ್ಣಾಗಿ ಉಳಿಯುತ್ತದೆ. ಐದರಲ್ಲಿ ಇಲ್ಲದ ಆ ಒಂದು ಬಿಂದುವೇ ಜೀವ. ಹೀಗಾಗಿ ಆರು ಕಾಯಿಗೆ ಕಪ್ಪು ಏನೂ ಸೇರಿಸಬೇಕಿಲ್ಲ, ಬಿಳಿ ಬಂದಾಗ ಉತ್ತರ ಕೊಟ್ಟರೆ ಸಾಕು.

ಹಲಗೆಯ ಬದಿಯಲ್ಲಿ, ಮೂಲೆಯಿಂದ ದೂರ, ಎರಡೂ ತುದಿ ತೆರೆದಿರುವ ಸಾಲಿಗೆ ಇದೇ ಲೆಕ್ಕ ಆರಕ್ಕೆ ಸಾವು, ಎಂಟಕ್ಕೆ ಉಳಿವು ಎಂದಾಗುತ್ತದೆ. ಮೂಲೆಯ ಅಂಚು ಒಂದು ಬಾಗಿಲನ್ನು ಪುಕ್ಕಟೆಯಾಗಿ ಮುಚ್ಚಿಕೊಡುವುದರಿಂದ ಇಲ್ಲಿ ಕಡಿಮೆ ಕಾಯಿ ಸಾಕು.

ಲೆಕ್ಕ ಎಲ್ಲಿ ತಪ್ಪುತ್ತದೆ

ಇಡೀ ಕೊಲೆ 7-1ರ ತಡೆಯ ಮೇಲೆ ನಿಂತಿದೆ. ಬಲಗಡೆ ಹತ್ತಿರದಲ್ಲಿ ಕಪ್ಪು ಕಾಯಿ ಇದ್ದು, ಬಿಳಿ 7-1ರಲ್ಲಿ ತಡೆಯಲು ಆಗದಿದ್ದರೆ, 2-1ಕ್ಕೆ ಉತ್ತರವಾಗಿ ಕಪ್ಪು 6-1ರಲ್ಲಿ ಇಡುತ್ತದೆ. ಬಿಳಿ 3-1, ಕಪ್ಪು 4-1, ಈಗ 5-1 ನಿಜವಾದ ಕಣ್ಣು. ಎಡದ ಎರಡು ಕಾಯಿ ಎತ್ತಿದರೆ ಎರಡನೇ ಕಣ್ಣು. ಆದ್ದರಿಂದ ಬಿಳಿ ಆಡುವವರು 2-1ರಲ್ಲಿ ಕಾಯಿ ಇಡುವ ಮೊದಲು ಬಲಗಡೆ ಕಣ್ಣು ಹಾಯಿಸಬೇಕು. ಕಪ್ಪು ಆಡುವವರು ಇದನ್ನೇ ತಿರುಗಿಸಿ ಉಪಯೋಗಿಸಬಹುದು: ಬಲಗಡೆ ಬೇರೆ ಕಾರಣಕ್ಕೆ ಇಟ್ಟ ಕಾಯಿಯೊಂದು ಮೂಲೆಯನ್ನೂ ಉಳಿಸಿಕೊಡಬಹುದು.

ಐದನೇ ಹೆಜ್ಜೆ: ಮೂಲೆ ಬಾಗಿದ್ದರೆ ಇನ್ನೊಮ್ಮೆ ನೋಡಿ

ಮೂಲೆಗೆ ತನ್ನದೇ ಆದ ಒಂದು ವಿಶೇಷ ಇದೆ. ನಾಲ್ಕು ಬಿಂದುವಿನ ಬಾಗಿದ ಜಾಗ ಹಲಗೆಯ ಬೇರೆ ಕಡೆ ಪೂರ್ತಿ ಜೀವಂತ. ಆದರೆ ಬಾಗು 1-1ರಲ್ಲೇ ಬಂದರೆ ಹಾಗಲ್ಲ.

```
4  ○ ○ ○ · ·
3  ● ● ○ ○ ○
2  · ● ● ● ○
1  · · · ● ○
   1 2 3 4 5
```

ಒಳಗಿನ ಜಾಗ 1-1, 2-1, 3-1, 1-2. ಕಪ್ಪಿನ ನಡೆಯಾದರೆ 2-1ರಲ್ಲಿ ಕೂತು ಎರಡು ಕಣ್ಣು ಮಾಡಿಕೊಳ್ಳುತ್ತದೆ. ಬಿಳಿಯ ನಡೆಯಾದರೆ ಅದೂ 2-1ಕ್ಕೇ ಬರುತ್ತದೆ. ಮತ್ತೆ ಅದೇ ಬಿಂದು, ಗಮನಿಸಿ. ಮೂಲೆಯಲ್ಲಿ ಏನೂ ತೋಚದಿದ್ದಾಗ ನಾನು ಮೊದಲು ಓದುವುದು 2-1 ಮತ್ತು ಅದರ ಜೋಡಿ 1-2.

ಕಪ್ಪಿಗೆ ಉಳಿದ ಒಂದೇ ಒಳ್ಳೆಯ ಉತ್ತರ 1-1. ಬಿಳಿ 1-2ರಲ್ಲಿ ಇಟ್ಟು ಆ ಕಾಯಿಯನ್ನು ಎತ್ತುತ್ತದೆ. ಈಗ ಕಪ್ಪು ಮತ್ತೆ 1-1ರಲ್ಲಿ ಇಟ್ಟು 1-2ನ್ನು ಎತ್ತಬಹುದು, ಆದರೆ ತಕ್ಷಣ ಅಲ್ಲ. ಇದು ಕೋ. ಕಪ್ಪು ಮೊದಲು ಬೇರೆ ಕಡೆ ಬೆದರಿಕೆಯ ನಡೆ ಆಡಿ, ಬಿಳಿ ಅದಕ್ಕೆ ಉತ್ತರ ಕೊಟ್ಟ ಮೇಲೆ ಇಲ್ಲಿಗೆ ಬರಬೇಕು. ಬಿಳಿ ಆ ಬೆದರಿಕೆಗೆ ಕಿವಿಗೊಡದೆ 3-1ರಲ್ಲಿ ಇಟ್ಟರೆ ಇಡೀ ಕಪ್ಪು ಗುಂಪು ಹಲಗೆಯಿಂದ ಹೊರಗೆ, ಏಕೆಂದರೆ ಕಪ್ಪಿಗೆ ಉಳಿದಿದ್ದ ಲಿಬರ್ಟಿ ಅದೊಂದೇ.

ಹಾಗಾಗಿ ಈ ಚಿತ್ರಕ್ಕೆ “ಬದುಕಿದೆ”, “ಸತ್ತಿದೆ” ಎರಡೂ ಉತ್ತರವಲ್ಲ. ಉತ್ತರ “ಕೋ, ಮತ್ತು ಮೊದಲು ಹಿಡಿಯುವುದು ಬಿಳಿ”. ಯಾರು ಮೊದಲು ಹಿಡಿಯುತ್ತಾರೆ ಎಂಬುದನ್ನೂ ಹೇಳಬೇಕು, ಏಕೆಂದರೆ ಮೊದಲ ಬೆದರಿಕೆ ಹುಡುಕಬೇಕಾದವರು ಇನ್ನೊಬ್ಬರು. ಹಲಗೆಯಲ್ಲಿ ನಿಮಗೆ ದೊಡ್ಡ ಬೆದರಿಕೆ ಎಷ್ಟಿವೆ ಎಂದು ಎಣಿಸದೆ ಈ ಮೂಲೆಯನ್ನು ಹಾಗೇ ಬಿಟ್ಟು ಹೋಗಬೇಡಿ.

ಇದೇ ಆಕಾರ ಇನ್ನೊಂದು ವೇಷದಲ್ಲಿ ಬರುತ್ತದೆ. ಒಳಗೆ ಬಿಳಿಯ ಮೂರು ಕಾಯಿ ಕೂತಿವೆ, ಎರಡು ಬಿಂದು ಖಾಲಿ. ಕಪ್ಪು ಯಾವ ಬಿಂದು ತುಂಬಿದರೂ ತಾನೇ ಅಟಾರಿಗೆ ಬೀಳುತ್ತದೆ. ನೋಡಿದರೆ ಇಬ್ಬರೂ ಮುಟ್ಟಲಾಗದ ಸೆಕಿ ಎನಿಸುತ್ತದೆ. ಆದರೆ ಬಿಳಿ ಮುಟ್ಟಬಹುದು: ನಾಲ್ಕನೇ ಕಾಯಿ ಇಟ್ಟು ಮೂಲೆಯಲ್ಲಿ ಬಾಗಿದ ನಾಲ್ಕು ಮಾಡುತ್ತದೆ, ಕಪ್ಪು ಆ ನಾಲ್ಕನ್ನೂ ಎತ್ತುತ್ತದೆ, ಎತ್ತಿದ ಮೇಲೆ ಉಳಿಯುವುದು ಮೇಲಿನ ಚಿತ್ರದ ಖಾಲಿ ಜಾಗವೇ. ಬಿಳಿ 2-1ರಲ್ಲಿ ಇಟ್ಟು ಕೋ ಶುರು ಮಾಡುತ್ತದೆ. ಈ ಕೋವನ್ನು ಶುರು ಮಾಡುವ ಹಕ್ಕು ಬಿಳಿಗೆ ಮಾತ್ರ ಇದೆ, ಕಪ್ಪಿಗೆ ಇಲ್ಲ. ಹಾಗಾಗಿ ಬಿಳಿ ಆಟದ ಕೊನೆಯವರೆಗೂ ಕಾಯಬಹುದು, ಕಪ್ಪಿನ ಕೋ ಬೆದರಿಕೆಗಳನ್ನೆಲ್ಲ ಒಂದೊಂದಾಗಿ ಮುಚ್ಚಿ, ಆಮೇಲೆ ಆಡಬಹುದು.

ಜಪಾನಿ ನಿಯಮದಲ್ಲಿ ಇದನ್ನು ಆಡಿ ತೋರಿಸಬೇಕಾಗಿಲ್ಲ. ಆಟ ಮುಗಿದಾಗ ಕಪ್ಪು ಗುಂಪು ಸತ್ತಿದೆ ಎಂದೇ ಲೆಕ್ಕ. ಚೀನಿ ನಿಯಮದಲ್ಲಿ ಆಡಿಯೇ ಕೊಲ್ಲಬೇಕು. ಅಲ್ಲಿ ಬಿಳಿ ಮುಚ್ಚಲಾಗದ ಬೆದರಿಕೆಯೊಂದು ಕಪ್ಪಿಗೆ ಉಳಿದಿದ್ದರೆ, ಉದಾಹರಣೆಗೆ ಬೇರೆ ಕಡೆಯ ಸೆಕಿಯಲ್ಲಿ, ಗುಂಪು ಉಳಿದುಬಿಡಬಹುದು. ಆಟ ಶುರು ಮಾಡುವ ಮೊದಲೇ ಯಾವ ನಿಯಮ ಎಂದು ಇಬ್ಬರೂ ಮಾತಾಡಿಕೊಳ್ಳಿ.